ಶೇ 14 ಹೆಚ್ಚು ನೀರು ಬರುತ್ತೆ ಅಂದ ಒಂದು ಪೇಪರು, ಮತ್ತು ಅದರ ಬ್ರಾಕೆಟ್ ಒಳಗಿದ್ದ ಎರಡು ಅಂಕಿ

ಒಂದು ನೀರು ಹಂಚಿಕೆ ಪ್ರಸ್ತಾವನೆ ನನ್ನ ಟೇಬಲ್‌ಗೆ ಬಂದಿತ್ತು. ಅದರಲ್ಲಿ ಒಂದೇ ಒಂದು ಸಾಲಿನ ಮೇಲೆ ಪೂರ್ತಿ ವಾದ ನಿಂತಿತ್ತು: ಹವಾಮಾನ ಬದಲಾವಣೆಯಿಂದ ಈ ನದಿಯ ವಾರ್ಷಿಕ ಹರಿವು ಶೇ 14 ಜಾಸ್ತಿ ಆಗುತ್ತೆ, ಹಾಗಾಗಿ ಹೊಸದಾಗಿ 12 ಪಾಲು ನೀರು ಹಂಚಬಹುದು. ಸರಾಸರಿ ವಾರ್ಷಿಕ ಹರಿವನ್ನ 100 ಪಾಲು ಅಂತ ಇಟ್ಕೊಂಡ್ರೆ ಆಗಲೇ 80 ಪಾಲು ಹಂಚಿಕೆ ಆಗಿದೆ, 14 ಹೊಸದಾಗಿ ಬರುತ್ತೆ, ಅದರಲ್ಲಿ 12 ಕೊಟ್ರೂ ಇನ್ನೂ ಎರಡು ಉಳಿಯುತ್ತೆ, ಇದು ಅವರ ಲೆಕ್ಕ. ಪ್ರಸ್ತಾವನೆ ಜೊತೆ ಒಂದು ಮಾಡೆಲಿಂಗ್ ಪೇಪರನ್ನೂ ಲಗತ್ತಿಸಿದ್ರು.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ಇಲ್ಲಿರೋ ನದಿಯ ಅಂಕಿಗಳನ್ನ ಲೆಕ್ಕ ಸುಲಭ ಆಗ್ಲಿ ಅಂತ ನಾನೇ ಜೋಡಿಸ್ಕೊಂಡಿರೋದು, ಯಾವುದೇ ನಿಜವಾದ ನದಿಯ ಫಲಿತಾಂಶ ಅಂತ ಇವನ್ನ ಎತ್ತಿಕೊಂಡು ಬಳಸಬೇಡಿ. ಆದ್ರೆ ಪೇಪರಿನ ಆಕಾರ ಮಾತ್ರ ಈ ಕ್ಷೇತ್ರದಲ್ಲಿ ಓದೋರಿಗೆ ತುಂಬಾ ಪರಿಚಿತ: ಐದು ಜಾಗತಿಕ ಹವಾಮಾನ ಮಾಡೆಲ್, ಎರಡು ಸಿನಾರಿಯೊ ಅಂದ್ರೆ ಮುಂದೆ ಹೊರಸೂಸುವಿಕೆ ಎಷ್ಟಿರುತ್ತೆ ಅನ್ನೋದರ ಎರಡು ಊಹೆಯ ದಾರಿ, ಮಳೆಯಿಂದ ಹರಿವು ಲೆಕ್ಕ ಹಾಕೋ ಒಂದು ಜಲವಿಜ್ಞಾನ ಮಾಡೆಲ್, ಹೋಲಿಕೆಗೆ 1976–2005ರ ಬೇಸ್‌ಲೈನ್, 2070–2099 ಭವಿಷ್ಯ.

ಪೇಪರಿನ ಸಾರಾಂಶದಲ್ಲಿದ್ದ ಸಾಲು ಹೀಗಿತ್ತು: "ಆರ್‌ಸಿಪಿ 8.5ರ ಅಡಿಯಲ್ಲಿ ಸರಾಸರಿ ವಾರ್ಷಿಕ ಹರಿವು ಶೇ 14 ಹೆಚ್ಚಾಗುತ್ತದೆ (−6ರಿಂದ +38)". ಆರ್‌ಸಿಪಿ 8.5 ಅನ್ನೋದು ಆ ಎರಡು ಸಿನಾರಿಯೊದಲ್ಲಿ ಹೊರಸೂಸುವಿಕೆ ಹೆಚ್ಚಿರೋದು. ಪ್ರಸ್ತಾವನೆ ಬರೆದವರು ಬ್ರಾಕೆಟ್ ಬಿಟ್ಟು 14 ಮಾತ್ರ ಎತ್ಕೊಂಡಿದ್ರು. ನನ್ನ ಜೊತೆ ಕೆಲಸ ಮಾಡೋ ಎಂಜಿನಿಯರ್ ಒಬ್ರು ಬ್ರಾಕೆಟ್ ಗಮನಿಸಿದ್ರು, ಆದ್ರೆ ಅವರ ಪ್ರಶ್ನೆ ಬೇರೆ ಥರ ಇತ್ತು. "ಸರ್, −6 ಅನ್ನೋದು ತೀರಾ ಅಂಚಿನಲ್ಲಿದೆ ಅಲ್ವಾ, ಬಹುಶಃ ಶೇ 5 ಸಾಧ್ಯತೆ ಇರಬಹುದು, ಅದನ್ನ ಬಿಟ್ರೆ ಹೆಚ್ಚಳ ಗ್ಯಾರಂಟಿ ಅಲ್ವಾ?" ಅಂತ ಕೇಳಿದ್ರು. ಈ ಪ್ರಶ್ನೆ ಕೇಳಿದ್ದು ಒಳ್ಳೇದೇ ಆಯ್ತು, ಯಾಕಂದ್ರೆ ಬ್ರಾಕೆಟ್ ನೋಡಿದವರಲ್ಲಿ ಬಹಳಷ್ಟು ಜನ ಎಡವೋದು ಇಲ್ಲೇ. ಬ್ರಾಕೆಟ್‌ನಲ್ಲಿ ಎರಡು ಅಂಕಿ ಕಂಡ ಕೂಡ್ಲೇ ಅದು ಶೇ 90 ಅಥವಾ ಶೇ 95 ಸಂಭವನೀಯತೆಯ ಮಿತಿ ಅಂತ ನಮ್ಮ ತಲೆ ತಾನಾಗೇ ಓದ್ಕೊಳ್ಳುತ್ತೆ.

ಅದಕ್ಕೆ ಮೊದಲು ವಿಧಾನದ ಭಾಗ ತೆಗೆದ್ವಿ, ಆಮೇಲೆ ಟೇಬಲ್ ಹುಡುಕಿದ್ವಿ. ಐದು ಮಾಡೆಲ್‌ಗಳ ಫಲಿತಾಂಶ ಒಂದೊಂದಾಗಿ ಕೊಟ್ಟಿದ್ರು: −6, +4, +11, +23, +38. ಕೂಡಿಸಿ ಐದರಿಂದ ಭಾಗಿಸಿದ್ರೆ 14. ಅಂದ್ರೆ ಬ್ರಾಕೆಟ್ ಒಳಗಿದ್ದದ್ದು ಸಂಭವನೀಯತೆ ಅಲ್ಲವೇ ಅಲ್ಲ, ಐದರಲ್ಲಿ ಅತಿ ಕಡಿಮೆ ಮತ್ತು ಅತಿ ಹೆಚ್ಚು ಹೇಳಿದ ಎರಡು ಮಾಡೆಲ್‌ಗಳ ಅಂಕಿ, ಅಷ್ಟೇ.

ಇದನ್ನ ಅವರಿಗೆ ಹೇಗೆ ತೋರಿಸಿದೆ ಅಂದ್ರೆ, ಈ ಐದೂ ಮಾಡೆಲ್ ಒಂದೇ ಚೀಲದಿಂದ ಕಣ್ಣುಮುಚ್ಚಿ ತೆಗೆದ ಐದು ಚೀಟಿ ಅಂತ ಇಟ್ಕೊಳ್ಳೋಣ, ಈಗ ಆರನೇ ಚೀಟಿ ತೆಗೆದ್ರೆ ಅದು −6 ಮತ್ತು +38ರ ಹೊರಗೆ ಬೀಳೋ ಸಾಧ್ಯತೆ ಎಷ್ಟು? ಆರು ಚೀಟಿಯಲ್ಲಿ ಯಾವುದು ಬೇಕಾದ್ರೂ ಅತಿ ದೊಡ್ಡದು ಆಗಬಹುದು, ಯಾವುದು ಬೇಕಾದ್ರೂ ಅತಿ ಚಿಕ್ಕದು ಆಗಬಹುದು, ಹಾಗಾಗಿ ಹೊಸದಾಗಿ ಬಂದಿದ್ದೇ ಎರಡು ತುದಿಯಲ್ಲಿ ಒಂದು ಆಗೋ ಸಾಧ್ಯತೆ ಆರರಲ್ಲಿ ಎರಡು, ಅಂದ್ರೆ ಮೂರರಲ್ಲಿ ಒಂದು. ಒಂದು ಫಾರ್ಮುಲಾ ಕೂಡ ಬೇಡ ಇದಕ್ಕೆ. ಮೂರರಲ್ಲಿ ಒಂದು ಸಲ ಹೊರಗೆ ಬೀಳೋ ರೇಂಜನ್ನ ನಾವು ಶೇ 90 ಅಂತ ಓದ್ತಾ ಇದ್ವಿ. ಅದೂ ಎಲ್ಲ ಅನುಕೂಲಕರ ಊಹೆ ಇಟ್ಕೊಂಡ ಮೇಲೆ, ಯಾಕಂದ್ರೆ ಹವಾಮಾನ ಮಾಡೆಲ್‌ಗಳು ನಿಜಕ್ಕೂ ಬೇರೆ ಬೇರೆ ಚೀಟಿಗಳಲ್ಲ, ಹಲವು ಮಾಡೆಲ್‌ಗಳು ಕೋಡ್ ಹಂಚಿಕೊಂಡಿರ್ತವೆ, ಮೋಡವನ್ನ ಒಂದೇ ರೀತಿ ಲೆಕ್ಕ ಹಾಕ್ತವೆ, ಹಾಗಾಗಿ ಐದು ಮಾಡೆಲ್ ಅಂದ್ರೆ ಐದು ಸ್ವತಂತ್ರ ಅಭಿಪ್ರಾಯ ಅಂತ ಹೇಳೋಕ್ಕಾಗಲ್ಲ. ಮೇಲಾಗಿ ನಿಜವಾದ ಭೂಮಿ ಆ ಚೀಲದೊಳಗಿನ ಚೀಟಿನೇ ಅನ್ನೋ ಗ್ಯಾರಂಟಿ ಯಾರೂ ಕೊಟ್ಟಿಲ್ಲ.

ಈ ಕೊನೆಯ ಮಾತು ನನ್ನ ಸ್ವಂತ ಅನುಮಾನ ಅಂತ ಅಂದ್ಕೋಬೇಡಿ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿ ಐಪಿಸಿಸಿ 2013ರ ಐದನೇ ವರದಿಯಲ್ಲಿ ಆರ್‌ಸಿಪಿ 8.5ಕ್ಕೆ 2081–2100ರ ತಾಪಮಾನ ಏರಿಕೆ, 1986–2005ಕ್ಕೆ ಹೋಲಿಸಿದ್ರೆ, 3.7 ಡಿಗ್ರಿ, ರೇಂಜ್ 2.6ರಿಂದ 4.8 ಅಂತ ಕೊಟ್ಟಿದೆ. ಈ 2.6 ಮತ್ತು 4.8 ಲೆಕ್ಕ ಹಾಕಿದ್ದು ಮಾಡೆಲ್‌ಗಳ 5ನೇ ಮತ್ತು 95ನೇ ಪರ್ಸೆಂಟೈಲ್‌ನಿಂದ, ಅಂದ್ರೆ ಮಾಡೆಲ್‌ಗಳ ಲೆಕ್ಕದಲ್ಲಿ ಶೇ 90 ಒಳಗೆ ಬರುತ್ತೆ. ಆದ್ರೂ ಅವರು ಅದಕ್ಕೆ ಕೊಟ್ಟ ಹಣೆಪಟ್ಟಿ "ಸಂಭವನೀಯ" ಅನ್ನೋ ಮಟ್ಟದ್ದು, ಐಪಿಸಿಸಿ ಭಾಷೆಯಲ್ಲಿ ಅದರರ್ಥ ಕನಿಷ್ಠ ಶೇ 66. ಮಾಡೆಲ್‌ಗಳೆಲ್ಲ ಸೇರಿ ತಪ್ಪಿರಬಹುದಾದ ಜಾಗಕ್ಕೆ ಅಂತ ಬೇಕಂತಲೇ ಬಿಟ್ಟ ಅಂತರ ಅದು. 2021ರ ಆರನೇ ವರದಿಯಲ್ಲಿ ಎಸ್‌ಎಸ್‌ಪಿ 2-4.5 ಅನ್ನೋ ಮಧ್ಯಮ ಸಿನಾರಿಯೊಗೆ 2.7 ಡಿಗ್ರಿ, 2.1ರಿಂದ 3.5 ಅಂತ ಬರುತ್ತಲ್ಲ, ಅದು 1850–1900ಕ್ಕೆ ಹೋಲಿಸಿದ್ದು, ಅದರ ಹಣೆಪಟ್ಟಿ "ತುಂಬಾ ಸಂಭವನೀಯ", ಶೇ 90, ಆದ್ರೆ ಅದು ಮಾಡೆಲ್‌ಗಳ ಕಚ್ಚಾ ರೇಂಜ್ ಅಲ್ಲ, ಈವರೆಗೆ ಅಳೆದ ತಾಪಮಾನದ ಏರಿಕೆ, ಹವಾಮಾನದ ಸೂಕ್ಷ್ಮತೆಯ ಬಗ್ಗೆ ಇರೋ ಬೇರೆ ಪುರಾವೆ ಎಲ್ಲ ಸೇರಿಸಿ ತೂಗಿ ಕೊಟ್ಟಿದ್ದು. ನೋಡೋಕೆ ಎರಡು ಬ್ರಾಕೆಟ್ಟೂ ಒಂದೇ ಥರ, ಆದ್ರೆ ಬೇಸ್‌ಲೈನ್ ಬೇರೆ, ಹಣೆಪಟ್ಟಿ ಬೇರೆ, ಮಾಡಿದ ರೀತಿನೂ ಬೇರೆ. ನಮ್ಮ ಪೇಪರಿನ ಬ್ರಾಕೆಟ್ಟಿಗೆ ಹಣೆಪಟ್ಟಿನೇ ಇರ್ಲಿಲ್ಲ.

ಇದೇ ಪೇಪರಿನ ಚರ್ಚೆ ಭಾಗದಲ್ಲಿ ಇನ್ನೊಂದು ಕಡೆ "14 ± 8" ಅಂತ ಇತ್ತು. ನಮ್ಮ ಎಂಜಿನಿಯರ್ ಅದನ್ನ ನೋಡಿ, "ಸರ್, ಇಲ್ಲಿ ನೋಡಿ, 6ರಿಂದ 22, ಪೂರ್ತಿ ಪ್ಲಸ್ಸಲ್ಲೇ ಇದೆಯಲ್ಲ" ಅಂದ್ರು. ಐದು ಅಂಕಿ ಕೈಯಲ್ಲೇ ಇದ್ದಿದ್ರಿಂದ ಲೆಕ್ಕ ಹಾಕಿ ನೋಡಿದ್ವಿ. ಐದರ ಸ್ಟ್ಯಾಂಡರ್ಡ್ ಡೀವಿಯೇಷನ್ 17. ಅದನ್ನ ಐದರ ವರ್ಗಮೂಲದಿಂದ ಭಾಗಿಸಿದ್ರೆ ಸುಮಾರು 8. ಅಂದ್ರೆ ಅವರು ಕೊಟ್ಟಿದ್ದು ಸ್ಟ್ಯಾಂಡರ್ಡ್ ಎರರ್. ಅದು ಹೇಳೋದು ಇಷ್ಟೇ: ಇದೇ ಥರದ ಮಾಡೆಲ್‌ಗಳನ್ನ ಲೆಕ್ಕವಿಲ್ಲದಷ್ಟು ತಂದು ಸರಾಸರಿ ತೆಗೆದ್ರೆ ಆ ಸರಾಸರಿ 14ರ ಹತ್ತಿರ ಎಲ್ಲಿರಬಹುದು ಅಂತ. ನದಿ ಎಲ್ಲಿರಬಹುದು ಅಂತ ಅಲ್ಲ. ಐದರ ಬದಲು ಐವತ್ತು ಮಾಡೆಲ್ ಹಾಕಿದ್ರೆ ಆ 8 ಅನ್ನೋದು ಎರಡೂವರೆ ಹತ್ತಿರ ಇಳಿಯುತ್ತೆ, ನದಿಯ ಭವಿಷ್ಯದ ಬಗ್ಗೆ ನಮ್ಮ ಅಜ್ಞಾನ ಮಾತ್ರ ಹಾಗೆ ಇಳಿಯಲ್ಲ. ± ಪಕ್ಕದಲ್ಲಿ ಇರೋದು ಏನು ಅಂತ ಪೇಪರ್ ಹೇಳದಿದ್ರೆ ಹೀಗೆ ಟೇಬಲ್‌ನಿಂದ ವಾಪಸ್ ಲೆಕ್ಕ ಹಾಕಿ ಕಂಡುಹಿಡೀಬಹುದು, ಎರಡು ನಿಮಿಷದ ಕೆಲಸ.

ಆಮೇಲೆ ನದಿಯ ಸ್ವಂತ ಏರಿಳಿತದ ವಿಷಯ. ಇದನ್ನ ಪೇಪರು ಎಲ್ಲೂ ಮಾತಾಡಿರ್ಲಿಲ್ಲ, ನನಗೆ ಅತಿ ಹೆಚ್ಚು ಬೇಜಾರಾಗಿದ್ದು ಇದರ ಬಗ್ಗೆನೇ. ಒಂದೊಂದು ಹವಾಮಾನ ಮಾಡೆಲನ್ನೂ ಅವರು ಒಂದೇ ಸಲ ಓಡಿಸಿದ ಫಲಿತಾಂಶ ತಗೊಂಡಿದ್ರು. ಈಗ ನೋಡಿ, ಈ ನದಿಯಲ್ಲಿ ವರ್ಷದಿಂದ ವರ್ಷಕ್ಕೆ ಹರಿವು ಸರಾಸರಿಯ ಶೇ 30ರಷ್ಟು ಸ್ಟ್ಯಾಂಡರ್ಡ್ ಡೀವಿಯೇಷನ್‌ನಲ್ಲಿ ಮೇಲೆ ಕೆಳಗೆ ಆಗುತ್ತೆ. 30 ವರ್ಷದ ಸರಾಸರಿ ತಗೊಂಡ್ರೆ ಏರಿಳಿತ ತಗ್ಗುತ್ತೆ, ಆದ್ರೆ ಸೊನ್ನೆ ಆಗಲ್ಲ, 30ನ್ನ 30ರ ವರ್ಗಮೂಲದಿಂದ ಭಾಗಿಸಿದ್ರೆ ಸುಮಾರು 5.5. ಪೇಪರು ಹೋಲಿಸ್ತಿರೋದು ಎರಡು 30 ವರ್ಷದ ಕಿಟಕಿಗಳನ್ನ, ಎರಡಕ್ಕೂ ಈ ಅಲುಗಾಟ ಇದೆ, ಹಾಗಾಗಿ ವ್ಯತ್ಯಾಸದ ಅಲುಗಾಟ ಸುಮಾರು 8. ಅದರ ಎರಡರಷ್ಟು ಅಂದ್ರೆ ಹೆಚ್ಚುಕಡಿಮೆ ±15. ಇದರ ಅರ್ಥ, ಹವಾಮಾನ ಒಂದಿಷ್ಟೂ ಬದಲಾಗದಿದ್ರೂ ಎರಡು 30 ವರ್ಷದ ಸರಾಸರಿ ನಡುವೆ ಶೇ 15ರವರೆಗೆ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಬರಬಹುದು. ಅದೂ ಒಂದು ವರ್ಷಕ್ಕೂ ಮುಂದಿನ ವರ್ಷಕ್ಕೂ ಸಂಬಂಧ ಇಲ್ಲ ಅಂತ ಇಟ್ಕೊಂಡಾಗ, ಬರಗಾಲದ ವರ್ಷಗಳು ಸಾಲಾಗಿ ಬರೋ ನದಿಗಳಲ್ಲಿ ಇನ್ನೂ ಜಾಸ್ತಿ.

ಈ ಅಳತೆಗೋಲು ಹಿಡ್ಕೊಂಡು ಐದು ಅಂಕಿನ ಮತ್ತೆ ನೋಡಿದ್ರೆ −6, +4, +11 ಮೂರೂ ಸೊನ್ನೆಯಿಂದ ಬೇರೆ ಅಂತ ಹೇಳೋ ಹಾಗಿಲ್ಲ. +23 ಮತ್ತು +38 ಮಾತ್ರ ಆಚೆ ನಿಲ್ತವೆ. "ಹಾಗಾದ್ರೆ ಈ ಪೇಪರಲ್ಲಿ ಏನೂ ಇಲ್ವಾ ಸರ್?" ಅಂತ ಕೇಳಿದ್ರು. ಹಾಗಲ್ಲ. ಐದು ಮಾಡೆಲ್ ಸರಾಸರಿ ತೆಗೆದಾಗ ಆಕಸ್ಮಿಕ ಅಲುಗಾಟ ಒಂದಕ್ಕೊಂದು ಹೊಡೆದುಕೊಂಡು ಮೂರೂವರೆ ಹತ್ತಿರ ಇಳಿಯುತ್ತೆ, ಹಾಗಾಗಿ 14 ಅನ್ನೋ ಸರಾಸರಿ ಬರೀ ಗದ್ದಲ ಅಲ್ಲ, ಏರಿಕೆಯ ಕಡೆ ಒಂದು ವಾಲುವಿಕೆ ನಿಜವಾಗ್ಲೂ ಇದೆ. ಆದ್ರೆ ನದಿ ಹರಿಯೋದು ಒಂದೇ ಸಲ. ಐದು ಸಲ ಹರಿದು ಸರಾಸರಿ ನೀರು ಕೊಡಲ್ಲ. ಹಂಚಿಕೆ ಮಾಡೋರಿಗೆ ಸಿಗೋದು ಆ ಒಂದು ಹರಿವು, ಅದಕ್ಕೆ ಮಾಡೆಲ್‌ಗಳ ನಡುವಿನ ವ್ಯತ್ಯಾಸಾನೂ ಇದೆ, ಆಕಸ್ಮಿಕದ ಅಲುಗಾಟಾನೂ ಇದೆ.

ಇನ್ನೊಂದು ಸಣ್ಣ ಲೆಕ್ಕ ಮಾಡಿದ್ವಿ, ಐದರ ಹರಡುವಿಕೆ 17, ಅದರ ವರ್ಗ ಸುಮಾರು 290, ಆಕಸ್ಮಿಕ ಅಲುಗಾಟದ ವರ್ಗ ಸುಮಾರು 60, ಅಂದ್ರೆ ಕಂಡ ಹರಡುವಿಕೆಯಲ್ಲಿ ಐದನೇ ಒಂದು ಪಾಲು ಆಕಸ್ಮಿಕ, ಉಳಿದದ್ದು ಮಾಡೆಲ್‌ಗಳೇ ಒಪ್ಪದಿರೋದು. ಯಾಕೆ ಒಪ್ತಿಲ್ಲ ಅನ್ನೋದಕ್ಕೂ ಪೇಪರಿನ ಮಳೆ ಟೇಬಲ್‌ನಲ್ಲೇ ಉತ್ತರ ಇತ್ತು: −6 ಹೇಳಿದ ಮಾಡೆಲ್‌ನಲ್ಲಿ ಮಳೆ ಹೆಚ್ಚುಕಡಿಮೆ ಹಾಗೇ ಇದೆ, ಬಿಸಿ ಜಾಸ್ತಿ ಆಗಿ ಆವಿಯಾಗೋದು ಹೆಚ್ಚಿ ಹರಿವು ಇಳಿದಿದೆ. +38 ಹೇಳಿದ್ರಲ್ಲಿ ಮಳೆ ಶೇ 18 ಜಾಸ್ತಿ. ಮಳೆಯಲ್ಲಿ ಆದ ಬದಲಾವಣೆ ಹರಿವಿಗೆ ಬರೋ ಹೊತ್ತಿಗೆ ಎರಡು ಪಟ್ಟು ಮೂರು ಪಟ್ಟು ದೊಡ್ಡದಾಗೋದು ಹಲವು ನದಿಗಳಲ್ಲಿ ಕಾಣೋ ಸಂಗತಿ, ಯಾಕಂದ್ರೆ ಮಣ್ಣು ಮತ್ತು ಗಿಡಮರ ಮೊದಲು ತಮ್ಮ ಪಾಲು ಕುಡಿದು ಉಳಿದದ್ದನ್ನ ಮಾತ್ರ ನದಿಗೆ ಬಿಡ್ತವೆ. ಹಾಗಾಗಿ ಮಳೆಯ ಬಗ್ಗೆ ಮಾಡೆಲ್‌ಗಳಲ್ಲಿ ಸ್ವಲ್ಪ ಭಿನ್ನಾಭಿಪ್ರಾಯ ಇದ್ರೂ ಹರಿವಿನ ಟೇಬಲ್‌ನಲ್ಲಿ ಅದು ದೊಡ್ಡ ಜಗಳ ಆಗಿ ಕಾಣುತ್ತೆ.

"ಐದರಲ್ಲಿ ನಾಲ್ಕು ಮಾಡೆಲ್ ಏರಿಕೆ ಅಂತ ಹೇಳ್ತಾವೆ, ಶೇ 80 ಒಮ್ಮತ" ಅಂತಾನೂ ಪೇಪರು ಬರೆದಿತ್ತು. ಐಪಿಸಿಸಿ ಆರನೇ ವರದಿಯ ನಕ್ಷೆಗಳಲ್ಲೂ ಸರಳ ವಿಧಾನದಲ್ಲಿ ಶೇ 80 ಮಾಡೆಲ್‌ಗಳು ಏರಿಕೆ ಅಥವಾ ಇಳಿಕೆ ಯಾವುದು ಅಂತ ಒಪ್ಪಿದ್ರೆ ಒಮ್ಮತ ಜಾಸ್ತಿ ಅಂತ ತೋರಿಸ್ತಾರೆ, ಪೇಪರು ಆ ಮಿತಿನ ಅಲ್ಲಿಂದ ಎತ್ಕೊಂಡ ಹಾಗಿತ್ತು. ಆದ್ರೆ ಮೂವತ್ತು ಮಾಡೆಲ್‌ಗಳಲ್ಲಿ ಶೇ 80 ಬೇರೆ, ಐದರಲ್ಲಿ ನಾಲ್ಕು ಬೇರೆ. ಆ +4 ಮಾಡೆಲ್ ಇನ್ನೊಂದು ಸಲ ಓಡಿಸಿದ್ರೆ ಆಕಸ್ಮಿಕವಾಗೇ −4 ಆಗಬಹುದಿತ್ತು, ಆಗ ಒಮ್ಮತ ಶೇ 60. ಅದೇ ವರದಿಯ ವಿವರವಾದ ವಿಧಾನದಲ್ಲಿ ದಿಕ್ಕು ಒಪ್ಪೋದು ಮಾತ್ರ ಸಾಲಲ್ಲ, ಶೇ 66 ಮಾಡೆಲ್‌ಗಳಲ್ಲಾದ್ರೂ ಬದಲಾವಣೆ ಸಹಜ ಏರಿಳಿತದ ಮಿತಿ ದಾಟಿರಬೇಕು. ನಮ್ಮ ಐದರಲ್ಲಿ ದಾಟಿರೋದು ಎರಡು, ಶೇ 40. ಆ ಭಾಗವನ್ನ ಪೇಪರು ಬಿಟ್ಟಿತ್ತು.

ಈಗ ಸಿನಾರಿಯೊ. ಪೇಪರಿನ ಪೀಠಿಕೆಯಲ್ಲಿ ಆರ್‌ಸಿಪಿ 8.5ನ್ನ "ಈಗಿರುವಂತೆಯೇ ಮುಂದುವರಿದರೆ" ಅಂತ ಕರೆದಿದ್ರು, ಪ್ರಸ್ತಾವನೆ ಬರೆದವರು ಅದನ್ನೇ ಓದಿ "ಹೀಗೇ ಆಗುತ್ತೆ" ಅಂತ ಅರ್ಥ ಮಾಡ್ಕೊಂಡಿದ್ರು. ಅವರನ್ನ ದೂರೋಕೂ ಆಗಲ್ಲ. ಆದ್ರೆ 8.5 ಅಂದ್ರೆ 2100ರಲ್ಲಿ ಚದರ ಮೀಟರಿಗೆ 8.5 ವ್ಯಾಟ್ ಹೆಚ್ಚುವರಿ ಶಾಖ ಹಿಡಿದಿಡೋ ಮಟ್ಟ, ಅಲ್ಲಿಗೆ ಮುಟ್ಟಬೇಕಾದ್ರೆ ಏನೇನಾಗಬೇಕು ಅಂತ ಒಂದು ಕಥೆ ಅದರ ಹಿಂದೆ ಇದೆ: ಹವಾಮಾನ ನೀತಿ ಯಾವುದೂ ಇಲ್ಲ, 2100ಕ್ಕೆ ಜನಸಂಖ್ಯೆ ಸುಮಾರು 1200 ಕೋಟಿ, ಕಲ್ಲಿದ್ದಲ ಬಳಕೆ ಹಲವು ಪಟ್ಟು ಏರಿಕೆ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 936 ಪಿಪಿಎಂ. ಪೇಪರಿನ ಇನ್ನೊಂದು ಸಿನಾರಿಯೊ ಆರ್‌ಸಿಪಿ 4.5ರಲ್ಲಿ ಅದು ಸುಮಾರು 538. ಐಪಿಸಿಸಿ ಆರನೇ ವರದಿ, ಇಂಧನ ವಲಯದ ಇತ್ತೀಚಿನ ಬೆಳವಣಿಗೆ ನೋಡಿದ್ರೆ ಇಂಥ ಅತಿ ಹೆಚ್ಚು ಹೊರಸೂಸುವಿಕೆಯ ದಾರಿಗಳ ಸಾಧ್ಯತೆ ಕಡಿಮೆ ಅಂತ ಹೇಳಿದೆ, ಆದ್ರೆ ಇಂಗಾಲ ಚಕ್ರ ನಾವು ಅಂದ್ಕೊಂಡದ್ದಕ್ಕಿಂತ ಕೆಟ್ಟದಾಗಿ ವರ್ತಿಸಿದ್ರೆ ಆ ಮಟ್ಟದ ಸಾಂದ್ರತೆ ಬೇರೆ ದಾರಿಯಲ್ಲೂ ಬರಬಹುದು ಅನ್ನೋದನ್ನ ತಳ್ಳಿಹಾಕಿಲ್ಲ. ಅಂದ್ರೆ ಅದು ತಪ್ಪು ಸಿನಾರಿಯೊ ಅಲ್ಲ, ಒಂದು ವ್ಯವಸ್ಥೆ ಎಷ್ಟು ತಡ್ಕೊಳ್ಳುತ್ತೆ ಅಂತ ಒತ್ತಿ ನೋಡೋಕೆ ಸರಿಯಾದದ್ದು. ಆದ್ರೆ ಇಲ್ಲಿ ಅದನ್ನ ಬಳಸಿದ್ದು ತದ್ವಿರುದ್ಧ ಕೆಲಸಕ್ಕೆ. ಅತಿ ಬಿಸಿ ದಾರಿಯನ್ನ ಹಿಡಿದು ಅದರಿಂದ ಬರೋ ಹೆಚ್ಚುವರಿ ನೀರನ್ನ ಆಗಲೇ ಕೈಗೆ ಬಂದ ಆಸ್ತಿ ಅಂತ ಬರ್ಕೊಂಡಿದ್ರು. ಪ್ರವಾಹದ ಗೇಟಿನ ಅಳತೆಗೆ 8.5 ಹಿಡಿದಿದ್ರೆ ನಾನು ಮಾತಾಡ್ತಾ ಇರ್ಲಿಲ್ಲ.

ಆರ್‌ಸಿಪಿ 4.5ರ ಅಂಕಿಗಳು ಅದೇ ಮಾಡೆಲ್‌ಗಳ ಕ್ರಮದಲ್ಲಿ −3, +2, +9, +13, +24, ಸರಾಸರಿ 9. ಮಾಡೆಲ್ ಮಾಡೆಲ್‌ಗೆ ಜೋಡಿಸಿ ಕಳೆದು ನೋಡಿ, ಎರಡು ಸಿನಾರಿಯೊ ನಡುವಿನ ವ್ಯತ್ಯಾಸ −3, 2, 2, 10, 14, ಸರಾಸರಿ 5. ಮಾಡೆಲ್‌ಗಳ ನಡುವಿನ ವ್ಯತ್ಯಾಸದ ಮುಂದೆ ಸಿನಾರಿಯೊ ವ್ಯತ್ಯಾಸ ಚಿಕ್ಕದು, ಶತಮಾನದ ಕೊನೆಯಲ್ಲೂ. ತಾಪಮಾನಕ್ಕಾದ್ರೆ ಕಥೆ ಬೇರೆ, ಅಲ್ಲಿ ಶತಮಾನದ ಕೊನೆಗೆ ಸಿನಾರಿಯೊನೇ ದೊಡ್ಡದಾಗುತ್ತೆ, ಮಳೆ ಮತ್ತು ಹರಿವಿಗೆ ಹಲವು ಕಡೆ ಮಾಡೆಲ್‌ಗಳ ಜಗಳವೇ ಮೇಲುಗೈ. ಪೇಪರಿನ ಕೊನೆಯಲ್ಲಿ ಹತ್ತೂ ಅಂಕಿ ಸೇರಿಸಿ "ಒಟ್ಟಾರೆ ಶೇ 11.5 ಹೆಚ್ಚಳ" ಅಂತ ಒಂದು ಸಾಲಿತ್ತು, ಅದನ್ನ ನಾವು ಪೆನ್ಸಿಲ್‌ನಲ್ಲಿ ಹೊಡೆದು ಹಾಕಿದ್ವಿ. ಐಪಿಸಿಸಿ ಈ ಸಿನಾರಿಯೊಗಳಿಗೆ ಶೇಕಡಾ ಇಷ್ಟು ಅಂತ ಸಂಭವನೀಯತೆ ಕೊಟ್ಟಿಲ್ಲ, ಎರಡನ್ನೂ ಅರ್ಧ ಅರ್ಧ ತೂಕ ಹಾಕಿ ಸರಾಸರಿ ಮಾಡಿದ್ರೆ ಲೇಖಕರೇ ಗೊತ್ತಿಲ್ಲದೆ ಜಗತ್ತಿನ ಇಂಧನ ನೀತಿಯ ಮೇಲೆ ಒಂದು ಬಾಜಿ ಕಟ್ಟಿದ ಹಾಗೆ.

ಕಾಲಾವಧಿನೂ ಹೊಂದ್ತಾ ಇರ್ಲಿಲ್ಲ. ಪ್ರಸ್ತಾವನೆಯ ಹಂಚಿಕೆ ತಕ್ಷಣ ಶುರುವಾಗೋದು, ಎತ್ಕೊಂಡ ಅಂಕಿ 2070–2099ರದ್ದು. ಅದೇ ಟೇಬಲ್‌ನಲ್ಲಿ 2021–2050ಕ್ಕೆ ಸರಾಸರಿ ಎರಡೂ ಸಿನಾರಿಯೊದಲ್ಲಿ 4 ಮತ್ತು 5 ಅಂತ ಇತ್ತು, ಹೆಚ್ಚುಕಡಿಮೆ ಒಂದೇ. ಶತಮಾನದ ಮಧ್ಯದವರೆಗೆ ಸಿನಾರಿಯೊಗಳು ಅಷ್ಟಾಗಿ ಕವಲೊಡೆಯಲ್ಲ, ಐಪಿಸಿಸಿಯ 2021–2040ರ ತಾಪಮಾನದ ಅಂದಾಜು ಕೂಡ ಐದು ಸಿನಾರಿಯೊದಲ್ಲಿ ನಾಲ್ಕಕ್ಕೆ 1.5, ಒಂದಕ್ಕೆ 1.6 ಡಿಗ್ರಿ. ಆ 4 ಮತ್ತು 5 ಎರಡೂ ನದಿಯ ಸಹಜ ಅಲುಗಾಟದ ಒಳಗೇ ಮುಳುಗಿಹೋಗ್ತವೆ.

ರೇಂಜ್ ಒಳಗೆ ಇರೋದು ಇಷ್ಟಾಯ್ತು, ರೇಂಜ್ ಒಳಗೆ ಇಲ್ಲದ್ದನ್ನೂ ಹುಡುಕಬೇಕಿತ್ತು. ಪೇಪರಲ್ಲಿ ಬದಲಾಯಿಸಿದ್ದು ಹವಾಮಾನ ಮಾಡೆಲ್ ಮತ್ತು ಸಿನಾರಿಯೊ ಮಾತ್ರ. ಜಲವಿಜ್ಞಾನ ಮಾಡೆಲ್ ಒಂದೇ, ಅದರ ಹೊಂದಾಣಿಕೆ ಅಂಕಿಗಳೂ ಒಂದೇ ಗುಚ್ಛ. ಬದಲಾಯಿಸದೆ ಹಾಗೇ ಇಟ್ಟ ವಸ್ತುವಿನಿಂದ ಬರೋ ಅನಿಶ್ಚಿತತೆ ಬ್ರಾಕೆಟ್‌ಗೆ ಬರೋಕೆ ದಾರಿನೇ ಇಲ್ಲ, ಅದು ದೊಡ್ಡದಿದ್ರೂ ಸೊನ್ನೆ ಅಂತಾನೇ ಕಾಣುತ್ತೆ. ಇಲ್ಲಿ ಎರಡು ಜಾಗ ಕಣ್ಣಿಗೆ ಬಿತ್ತು. ಒಂದು, ಮಾಡೆಲನ್ನ 1981–1990ರಲ್ಲಿ ಹೊಂದಿಸಿ 1991–2000ರಲ್ಲಿ ಪರೀಕ್ಷೆ ಮಾಡಿದ್ರು, ಎರಡೂ ದಶಕದ ಮಳೆ ಹೆಚ್ಚುಕಡಿಮೆ ಒಂದೇ. ಒದ್ದೆ ವರ್ಷಗಳಲ್ಲಿ ಹೊಂದಿಸಿ ಒಣ ವರ್ಷಗಳಲ್ಲಿ ಪರೀಕ್ಷೆ ಮಾಡಿ ಅಂತ ಕ್ಲೆಮೆಶ್ ಅನ್ನೋ ಜಲವಿಜ್ಞಾನಿ 1986ರಲ್ಲೇ ಬರೆದಿದ್ರು, ಆ ಪರೀಕ್ಷೆ ಇಲ್ಲಿ ಆಗಿಲ್ಲ, ಹಾಗಾಗಿ ಬೇರೆ ಹವಾಮಾನದಲ್ಲಿ ಈ ಮಾಡೆಲ್ ಹೇಗೆ ನಡ್ಕೊಳ್ಳುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ.

ಇನ್ನೊಂದು, ಆವಿಯಾಗೋ ನೀರಿನ ಲೆಕ್ಕಕ್ಕೆ ತಾಪಮಾನವನ್ನೇ ನೆಚ್ಚಿಕೊಂಡ ಹಾರ್ಗ್ರೀವ್ಸ್ ಸೂತ್ರ ಬಳಸಿದ್ರು. ಇಂಥ ಸೂತ್ರಗಳು ಇವತ್ತಿನ ಹವಾಮಾನದಲ್ಲಿ ಸರಿಯಾಗೇ ಕೆಲಸ ಮಾಡ್ತವೆ, ಆದ್ರೆ ತಾಪಮಾನ ಮೂರ್ನಾಲ್ಕು ಡಿಗ್ರಿ ಏರಿಸಿದ್ರೆ ಆವಿಯಾಗೋದನ್ನ ಜಾಸ್ತಿ ತೋರಿಸಬಹುದು. ಇಂಗಾಲದ ಡೈಆಕ್ಸೈಡ್ ಜಾಸ್ತಿ ಆದಾಗ ಎಲೆಗಳು ತಮ್ಮ ರಂಧ್ರ ಸ್ವಲ್ಪ ಮುಚ್ಚಿಕೊಂಡು ನೀರು ಉಳಿಸೋದನ್ನೂ ಅವು ಲೆಕ್ಕಕ್ಕೆ ತಗೊಳ್ಳಲ್ಲ. ಈ ದೋಷ ನಮ್ಮ ಎಚ್ಚರಿಕೆಯ ವಿರುದ್ಧ ದಿಕ್ಕಿಗೆ ಹೋಗುತ್ತೆ ಅನ್ನೋದನ್ನ ಟಿಪ್ಪಣಿಯಲ್ಲಿ ಬರೀಲೇಬೇಕು ಅಂತ ನಾನು ಹಠ ಹಿಡಿದೆ, ಅಂದ್ರೆ ನಿಜವಾದ ಹರಿವು ಪೇಪರ್ ಹೇಳಿದ್ದಕ್ಕಿಂತ ಹೆಚ್ಚೂ ಇರಬಹುದು. ನಮ್ಮ ಅನುಮಾನಕ್ಕೆ ಅನುಕೂಲ ಆಗೋ ದೋಷ ಮಾತ್ರ ಪಟ್ಟಿ ಮಾಡಿದ್ರೆ ನಾವೂ ಪ್ರಸ್ತಾವನೆ ಬರೆದವರು ಮಾಡಿದ್ದನ್ನೇ ಮಾಡಿದ ಹಾಗೆ.

ಇಷ್ಟೆಲ್ಲ ಆದ ಮೇಲೂ ನಿಜವಾದ ತಪ್ಪು ಇನ್ನೊಂದು ಕಡೆ ಇತ್ತು, ಅದನ್ನ ಕಂಡುಹಿಡಿದದ್ದು ಆ ಎಂಜಿನಿಯರೇ. "ಸರ್, ನಾವು ನೀರು ಹಂಚೋದು ಸರಾಸರಿ ಮೇಲೆ ಅಲ್ವಲ್ಲ, ಶೇ 75 ಅವಲಂಬನೆ ಮೇಲೆ ತಾನೆ?" ಅಂದ್ರು. ಹೌದು. ನಾಲ್ಕು ವರ್ಷದಲ್ಲಿ ಮೂರು ವರ್ಷ ಸಿಗೋ ನೀರು ಎಷ್ಟು ಅಂತ ನೋಡಿ ಹಂಚ್ತೀವಿ. ಈ ನದಿಯಲ್ಲಿ ಸರಾಸರಿ 100 ಇದ್ರೂ ಆ ಅಂಕಿ 80, ಈಗಿನ ಹಂಚಿಕೆ 80 ಬಂದಿದ್ದೇ ಅಲ್ಲಿಂದ. ಸರಾಸರಿ 14 ಏರಿದ್ರೆ ಈ 80 ಎಷ್ಟು ಏರುತ್ತೆ ಅನ್ನೋದು ವರ್ಷದಿಂದ ವರ್ಷಕ್ಕೆ ಏರಿಳಿತ ಎಷ್ಟು ಬದಲಾಗುತ್ತೆ ಅನ್ನೋದರ ಮೇಲೆ ನಿಂತಿದೆ. ಏರಿಳಿತ ಶೇ 30ರಿಂದ 36ಕ್ಕೆ ಹೋದ್ರೆ 114ರ ಸರಾಸರಿಗೆ ಶೇ 75 ಅವಲಂಬನೆಯ ನೀರು ಸುಮಾರು 86 ಮಾತ್ರ. ಬಂದ ಹದಿನಾಲ್ಕರಲ್ಲಿ ಎಂಟು ಪಾಲು ಪ್ರವಾಹದ ವರ್ಷಗಳಲ್ಲೇ ಹರಿದು ಹೋಗುತ್ತೆ. ಸರಾಸರಿ 104 ಆಗಿ ಏರಿಳಿತ 36 ಆದ್ರೆ ಅದು 79, ಅಂದ್ರೆ ಸರಾಸರಿ ಏರಿದ್ರೂ ನಂಬಬಹುದಾದ ನೀರು ಇಳಿದಿರುತ್ತೆ. ಇದನ್ನ ಕಾಗದದ ಮೇಲೆ ನೋಡಿದಾಗ ಅವರು ಎರಡು ಸಲ ಲೆಕ್ಕ ಹಾಕಿದ್ರು.

ಲೇಖಕರಿಗೆ ಮೇಲ್ ಬರೆದು ಐದೂ ಮಾಡೆಲ್‌ಗಳ ವರ್ಷವಾರು ಹರಿವು ಕೇಳಿದ್ವಿ, ಅವರು ಧಾರಾಳವಾಗಿ ಕಳಿಸಿದ್ರು. ಲೆಕ್ಕ ತುಂಬಾ ಸರಳ: 2070–2099ರ 30 ವರ್ಷದ ಹರಿವನ್ನ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಇಟ್ಟು 23ನೇ ಅಂಕಿ ಓದೋದು. ಅದಕ್ಕೂ ಮೊದಲು ಪ್ರತಿ ಮಾಡೆಲನ್ನೂ ಅದರದ್ದೇ ಬೇಸ್‌ಲೈನ್ ಸರಾಸರಿ 100 ಆಗೋ ಹಾಗೆ ಅಳೆದುಕೊಂಡ್ವಿ, ಮಾಡೆಲ್ ಭವಿಷ್ಯವನ್ನ ನಿಜವಾದ ಮಾಪನ ಕೇಂದ್ರದ ಬೇಸ್‌ಲೈನ್ ಜೊತೆ ನೇರವಾಗಿ ಹೋಲಿಸಿದ್ರೆ ಮಾಡೆಲಿನ ಹಳೇ ದೋಷವೇ ಬದಲಾವಣೆ ಅಂತ ಕಂಡುಬಿಡುತ್ತೆ. ಆರ್‌ಸಿಪಿ 8.5ರಲ್ಲಿ ಬಂದ ಐದು ಅಂಕಿ: 73, 79, 86, 91, 101.

ಹಳೇ ಹಂಚಿಕೆ 80ಕ್ಕೆ ಹೊಸ 12 ಸೇರಿದ್ರೆ ಬೇಕಾಗಿದ್ದು 92. ಐದರಲ್ಲಿ ಅದನ್ನ ಮುಟ್ಟಿದ್ದು ಒಂದೇ ಮಾಡೆಲ್. ಎರಡರಲ್ಲಿ ಈಗಿರೋ 80ನ್ನೇ ಪೂರೈಸೋಕೆ ಆಗ್ತಿಲ್ಲ. ಅದೂ ಅತಿ ಹೆಚ್ಚು ನೀರು ತೋರಿಸಿದ ಸಿನಾರಿಯೊದಲ್ಲಿ, ಶತಮಾನದ ಕೊನೆಯಲ್ಲಿ. 30 ವರ್ಷದಿಂದ ತೆಗೆದ ಇಂಥ ಅಂಕಿಗೆ ಸರಾಸರಿಗಿಂತಲೂ ಜಾಸ್ತಿ ಅಲುಗಾಟ ಇರುತ್ತೆ, ಹಾಗಾಗಿ 91ಕ್ಕೂ 92ಕ್ಕೂ ನಡುವೆ ಗೆರೆ ಎಳೆದು ನಾವು ವಾದ ಮಾಡ್ಲಿಲ್ಲ.

ಟಿಪ್ಪಣಿಯಲ್ಲಿ ಕೊನೆಗೆ ಬರೆದದ್ದು ಹೀಗೆ: ಪೇಪರಿನ ರೇಂಜ್ ಐದು ಮಾಡೆಲ್‌ಗಳ ಕನಿಷ್ಠ ಮತ್ತು ಗರಿಷ್ಠ, ಸಂಭವನೀಯತೆ ಅಲ್ಲ, ಹೆಚ್ಚಳದ ಕಡೆ ವಾಲುವಿಕೆ ಇದೆ, ಆದ್ರೆ ಮೂರು ಮಾಡೆಲ್‌ಗಳ ಬದಲಾವಣೆ ಸಹಜ ಏರಿಳಿತದ ಒಳಗಿದೆ, ಜಲವಿಜ್ಞಾನ ಮಾಡೆಲ್ ಮತ್ತು ಆವಿಯಾಗುವಿಕೆ ಸೂತ್ರದ ಅನಿಶ್ಚಿತತೆ ಸೇರಿಲ್ಲ, ಅದರಲ್ಲಿ ಸೂತ್ರದ ದೋಷ ಹರಿವನ್ನ ಕಡಿಮೆ ತೋರಿಸಿರಬಹುದು, ಶೇ 75 ಅವಲಂಬನೆಯ ಲೆಕ್ಕದಲ್ಲಿ ಹೊಸ 12 ಪಾಲಿಗೆ ಆಧಾರ ಸಿಗ್ತಿಲ್ಲ. ಒಳ್ಳೆ ಮಳೆ ಬಂದ ವರ್ಷ ಮಾತ್ರ ಕೊಡೋ, ಆಮೇಲೆ ವಾಪಸ್ ತಗೋಬಹುದಾದ ತಾತ್ಕಾಲಿಕ ಹಂಚಿಕೆಗೆ ಅಡ್ಡಿ ಇಲ್ಲ ಅಂತಾನೂ ಸೇರಿಸಿದ್ವಿ, ಯಾಕಂದ್ರೆ ಜಾಸ್ತಿ ನೀರು ಬರೋ ವರ್ಷಗಳು ಐದೂ ಮಾಡೆಲ್‌ಗಳಲ್ಲಿ ಇದ್ವು.

ಪ್ರಸ್ತಾವನೆ ಬರೆದವರು ಒಂದು ವಾರ ಬಿಟ್ಟು ಫೋನ್ ಮಾಡಿ, "ಆ 23ನೇ ಅಂಕಿ ಓದೋ ಲೆಕ್ಕದ ಶೀಟ್ ಕಳಿಸ್ತೀರಾ, 4.5ಕ್ಕೂ ಹಾಕಿ ನೋಡ್ತೀನಿ" ಅಂದ್ರು. ಕಳಿಸಿದೆ.